ಹಳ್ಳಿಮನೆಯಿಂದ ಆ್ಯಪ್‌ನಲ್ಲಿ ಡಾಕ್ಟರ್‌ಗೆ ತೋರಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಶುಗರ್ ಅಥವಾ ಬಿಪಿ ಇರುವ ಹಿರಿಯರನ್ನು ನೋಡಿಕೊಳ್ಳುತ್ತಿರುವ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ. ಆ್ಯಪ್‌ನತ್ತ ಹೆಚ್ಚು ಜನ ಹೋಗುವುದು ಈ ಹಿರಿಯರಿಗಾಗಿಯೇ. ತಪ್ಪಾದರೆ ಹೆಚ್ಚು ನಷ್ಟ ಅನುಭವಿಸುವವರೂ ಇವರೇ.

ಫೋನಿನಲ್ಲಿ ಡಾಕ್ಟರ್ ಬರೆದುಕೊಟ್ಟ ಚೀಟಿಗೆ ಕಾನೂನಿನ ಬೆಲೆ ಇದೆಯೇ?

ಇದೆ. ಕೋವಿಡ್ ಶುರುವಾದ ಹೊತ್ತಿನಲ್ಲಿ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ನೋಂದಾಯಿತ ವೈದ್ಯರು ವಿಡಿಯೊ, ಫೋನ್ ಕರೆ ಅಥವಾ ಬರಹದ ಮೂಲಕ ರೋಗಿಯನ್ನು ವಿಚಾರಿಸಬಹುದು, ಔಷಧಿಯನ್ನೂ ಬರೆಯಬಹುದು. ದೇಶದ ಯಾವ ರಾಜ್ಯದಲ್ಲಿ ನೋಂದಣಿಯಾದ ವೈದ್ಯರಾದರೂ ಮಳವಳ್ಳಿಯ ರೋಗಿಯನ್ನು ನೋಡಲು ಅಡ್ಡಿಯಿಲ್ಲ. ಆದರೆ ಆ ಮಾರ್ಗಸೂಚಿ ಅವರ ಕೈಯನ್ನು ಕೆಲವು ಕಡೆ ಕಟ್ಟಿಹಾಕಿದೆ. ಯಾವ ಔಷಧಿಯನ್ನು ಯಾವಾಗ ಬರೆಯಬಹುದು, ಯಾವುದನ್ನು ಬರೆಯಲೇಬಾರದು ಎಂಬುದೆಲ್ಲ ಅದರಲ್ಲಿದೆ. ಈ ಮಿತಿ ಗೊತ್ತಿದ್ದರೆ ಕರೆಯ ಮಧ್ಯದಲ್ಲೇ ನಿಮಗೆ ಅನುಮಾನ ಬರಬೇಕಾದ ಕಡೆ ಬರುತ್ತದೆ.

ಯಾವ ಆ್ಯಪ್ ಒಳ್ಳೆಯದು?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಆದರೆ ಆ್ಯಪ್ ಎಂಬುದು ಬಸ್ ಸ್ಟ್ಯಾಂಡ್ ಇದ್ದ ಹಾಗೆ. ನಿಮ್ಮನ್ನು ಕರೆದುಕೊಂಡು ಹೋಗುವವರು ಡ್ರೈವರ್. ಎಷ್ಟೇ ದೊಡ್ಡ ಹೆಸರಿನ ಆ್ಯಪ್ ಆದರೂ ಇವತ್ತು ಒಬ್ಬ ಡಾಕ್ಟರ್, ಮುಂದಿನ ವಾರ ಇನ್ನೊಬ್ಬರು ಸಿಗುತ್ತಾರೆ. ಹಾಗಾಗಿ ಪರೀಕ್ಷಿಸಬೇಕಾದ್ದು ಎದುರಿಗೆ ಕೂತ ಡಾಕ್ಟರನ್ನು.

ಆ್ಯಪ್ ಬಗ್ಗೆ ನೋಡಬೇಕಾದ್ದು ಒಂದೇ ಮುಖ್ಯ ಸಂಗತಿ: ಹಣ ಕಟ್ಟುವ ಮೊದಲೇ ಅದು ಡಾಕ್ಟರ ಪೂರ್ತಿ ಹೆಸರು, ಓದು, ನೋಂದಣಿ ಸಂಖ್ಯೆ ತೋರಿಸುತ್ತದೆಯೇ? ಇವುಗಳನ್ನು ರೋಗಿಗೆ ತಿಳಿಸುವುದು ಮಾರ್ಗಸೂಚಿಯ ಪ್ರಕಾರ ಆ್ಯಪ್ ನಡೆಸುವವರ ಹೊಣೆ. "10 ವರ್ಷ ಅನುಭವ, 4.8 ಸ್ಟಾರ್" ಎಂದು ಬರೆದು ನೋಂದಣಿ ಸಂಖ್ಯೆಯನ್ನು ಮಾತ್ರ ಬಿಟ್ಟಿದ್ದರೆ ಅಲ್ಲಿ ದುಡ್ಡು ಕಟ್ಟಬೇಡಿ. ಸ್ಟಾರ್ ಕೊಟ್ಟವರು ಯಾರೋ ಗೊತ್ತಿಲ್ಲ. ನೋಂದಣಿ ಸಂಖ್ಯೆಯನ್ನು ಮಾತ್ರ ನೀವೇ ಕೂತು ತಾಳೆ ಹಾಕಬಹುದು.

ಇನ್ನೊಂದು ಮಾತು. ಯಂತ್ರವೇ ಪ್ರಶ್ನೆ ಕೇಳಿ ಯಂತ್ರವೇ ಔಷಧಿ ಬರೆದುಕೊಡುವ ಆ್ಯಪ್‌ಗಳಿಗೆ ಈ ಮಾರ್ಗಸೂಚಿಯಲ್ಲಿ ಅನುಮತಿ ಇಲ್ಲ. ಯಂತ್ರ ಡಾಕ್ಟರಿಗೆ ನೆರವಾಗಬಹುದು. ಆದರೆ ಔಷಧಿ ಬರೆಯುವವರು ಮನುಷ್ಯರೇ ಆಗಿರಬೇಕು.

ನೋಂದಣಿ ಸಂಖ್ಯೆಯನ್ನು ತಾಳೆ ಹಾಕುವುದು ಹೇಗೆ?

ಐದು ನಿಮಿಷದ ಕೆಲಸ, ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿ ಇದ್ದರೆ ಅವರಿಗೇ ವಹಿಸಿ. nmc.org.in ತಾಣದಲ್ಲಿ Indian Medical Register ಎಂಬ ಪುಟವಿದೆ. ಅಲ್ಲಿ ಡಾಕ್ಟರ ಹೆಸರಿನಿಂದಲೂ ಹುಡುಕಬಹುದು, ನೋಂದಣಿ ಸಂಖ್ಯೆಯಿಂದಲೂ ಹುಡುಕಬಹುದು. ಸಂಖ್ಯೆ ಹಾಕಿದಾಗ ಬೇರೆ ಬೇರೆ ರಾಜ್ಯದ ಹಲವು ಹೆಸರು ಬರುತ್ತವೆ, ಏಕೆಂದರೆ ಪ್ರತಿ ರಾಜ್ಯದ ವೈದ್ಯಕೀಯ ಪರಿಷತ್ತೂ ತನ್ನದೇ ಲೆಕ್ಕದಲ್ಲಿ ಸಂಖ್ಯೆ ಕೊಡುತ್ತದೆ. ಅದಕ್ಕೇ ಬರೀ ಸಂಖ್ಯೆ ಸಾಲದು, ಯಾವ ರಾಜ್ಯದ ಪರಿಷತ್ತು ಎಂಬುದೂ ಬೇಕು. ಆ್ಯಪ್‌ನಲ್ಲಿ ಅದಿಲ್ಲದಿದ್ದರೆ ಕರೆಯ ಮೊದಲಲ್ಲೇ ಕೇಳಿ: "ಸರ್, ನಿಮ್ಮ ರಿಜಿಸ್ಟ್ರೇಷನ್ ನಂಬರ್ ಯಾವ ಕೌನ್ಸಿಲ್‌ದು?" ಇದರಿಂದ ಒಳ್ಳೆಯ ಡಾಕ್ಟರಿಗೆ ಬೇಸರವಾಗುವುದಿಲ್ಲ. ಮಾತು ಶುರುಮಾಡುವಾಗಲೇ ತಮ್ಮ ಹೆಸರು ಮತ್ತು ಓದು ಹೇಳಬೇಕಾದ್ದು ಅವರ ಕರ್ತವ್ಯ.

ಹೆಸರು ಸಿಕ್ಕ ಮೇಲೆ ವಿವರ ತೆರೆದು ಓದನ್ನು ನೋಡಿ. ಆ್ಯಪ್‌ನಲ್ಲಿ "ಶುಗರ್ ತಜ್ಞರು" ಎಂದಿದ್ದು ಪಟ್ಟಿಯಲ್ಲಿ ಎಂಬಿಬಿಎಸ್ ಮಾತ್ರ ಇದ್ದರೆ, ಅವರು ನಕಲಿ ಎಂದು ಆಗಲೇ ತೀರ್ಮಾನಿಸಬೇಡಿ. ಮೇಲಿನ ಓದು ಪಟ್ಟಿಗೆ ಸೇರಿರದೆ ಇರಬಹುದು. ಎಂಬಿಬಿಎಸ್ ವೈದ್ಯರೇ ಬಿಪಿ, ಶುಗರ್ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ತಜ್ಞರ ಫೀಸು ಕೊಡುವ ಮುನ್ನ ಎಂಡಿ ಎಲ್ಲಿ ಓದಿದ್ದು ಎಂದು ಕೇಳುವ ಹಕ್ಕು ನಿಮಗಿದೆ. ಆಯುರ್ವೇದ ಮತ್ತು ಹೋಮಿಯೋಪಥಿ ವೈದ್ಯರ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲ, ಅವರಿಗೆ ಬೇರೆ ಮಂಡಳಿಗಳಿವೆ. "ಡಾ." ಎಂಬುದು ಎಲ್ಲರ ಹೆಸರಿನ ಮುಂದೆಯೂ ಇರುವುದರಿಂದ ಹೆಸರಿನ ನಂತರ ಬರುವ ಅಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಈ ತಾಳೆಗೂ ಒಂದು ಮಿತಿಯಿದೆ. ಪಟ್ಟಿಯಲ್ಲಿ ಹೆಸರಿದೆ ಎಂದರೆ ಆ ಹೆಸರಿನ ವೈದ್ಯರು ಇದ್ದಾರೆ ಎಂದಷ್ಟೇ ಅರ್ಥ. ವಿಡಿಯೊದಲ್ಲಿ ಕಾಣುವವರು ಅವರೇ ಎಂದು ಅದು ಹೇಳುವುದಿಲ್ಲ. ಮೊದಲ ಸಲ ಕ್ಯಾಮೆರಾ ತೆರೆಯದೆ ಬರೀ ಬರಹದಲ್ಲೇ ಮುಗಿಸಲು ನೋಡುವವರ ಬಗ್ಗೆ ಎಚ್ಚರ ಬೇಕು ಎನ್ನುವುದು ಈ ಕಾರಣಕ್ಕೆ.

ಮಗ ಬೆಂಗಳೂರಿನಲ್ಲಿದ್ದಾನೆ, ಅವನ ಫೋನಿನಲ್ಲೇ ಬುಕ್ ಮಾಡುತ್ತಾನೆ. ತೊಂದರೆ ಇದೆಯೇ?

ಬುಕ್ ಮಾಡುವುದರಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಹೆಸರಿನಲ್ಲಿ. ಆ್ಯಪ್ ತೆರೆದ ತಕ್ಷಣ ಅದರಲ್ಲಿ ಮಗನ ಹೆಸರು, 31 ವರ್ಷ, ಗಂಡಸು ಎಂದು ಮೊದಲೇ ತುಂಬಿರುತ್ತದೆ. ಅವಸರದಲ್ಲಿ ಅದನ್ನು ಬದಲಿಸದೆ ಮುಂದೆ ಹೋದರೆ ಅವ್ವನ ಶುಗರ್ ಮಾತ್ರೆಯ ಚೀಟಿ ಮಗನ ಹೆಸರಿನಲ್ಲಿ ಬರುತ್ತದೆ. ಮೆಡಿಕಲ್ ಸ್ಟೋರ್‌ನವರು ಕೊಡದೆ ವಾಪಸ್ ಕಳಿಸಬಹುದು, ಅದು ಸಣ್ಣ ತಾಪತ್ರಯ. ದೊಡ್ಡ ತಾಪತ್ರಯವೆಂದರೆ ಡಾಕ್ಟರು ಪರದೆಯ ಮೇಲೆ 31 ಎಂಬ ವಯಸ್ಸು ನೋಡಿಕೊಂಡು ಯೋಚಿಸುತ್ತಾರೆ. 62 ವರ್ಷದವರಿಗೆ ಕಿಡ್ನಿ ಹೇಗಿದೆ ಎಂದು ಕೇಳಿಯೇ ಕೊಡಬೇಕಾದ ನೋವಿನ ಮಾತ್ರೆಯನ್ನು 31ರವರಿಗೆ ಅಷ್ಟು ಯೋಚಿಸದೆ ಬರೆಯಬಹುದು. ಆದ್ದರಿಂದ ಕುಟುಂಬದ ಸದಸ್ಯರನ್ನು ಸೇರಿಸುವ ಜಾಗದಲ್ಲಿ ಅವ್ವನ ಹೆಸರು, ವಯಸ್ಸು, ಊರು, ತೂಕ ಹಾಕಿ ಅದನ್ನೇ ಆರಿಸಿ. ಕರೆ ಶುರುವಾದ ಮೇಲೂ ಬಾಯಿಬಿಟ್ಟು ಹೇಳಿ: "ನೋಡಬೇಕಾದ್ದು ನಮ್ಮ ತಾಯಿಯನ್ನು, ಅವರಿಗೆ 62 ವರ್ಷ."

ಅವ್ವ ಹಳ್ಳಿಯಲ್ಲಿ, ಮಗ ಬೆಂಗಳೂರಿನಲ್ಲಿ, ಕರೆಯಲ್ಲಿ ಮಗ ಒಬ್ಬನೇ ಇರುವುದು ಸರಿಯಲ್ಲ. ರೋಗಿ ಇಲ್ಲದೆ ಮನೆಯವರೊಬ್ಬರೇ ಮಾತಾಡಬೇಕಾದರೆ ಡಾಕ್ಟರು ರೋಗಿಯ ಒಪ್ಪಿಗೆ ಪತ್ರವನ್ನೋ ಸಂಬಂಧದ ದಾಖಲೆಯನ್ನೋ ಕೇಳಬೇಕಾಗುತ್ತದೆ. ಅದಕ್ಕಿಂತ ಸುಲಭವೆಂದರೆ ಕರೆಯ ಲಿಂಕನ್ನು ಹಳ್ಳಿಯ ಫೋನಿಗೂ ಕಳಿಸಿ ಅವ್ವನನ್ನೇ ಕೂರಿಸುವುದು. ರೋಗಿ ಅಪ್ರಾಪ್ತ ವಯಸ್ಸಿನವರಾದರೆ ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು.

ಅವ್ವನ ಪಾದಕ್ಕೆ ಕಬ್ಬಿನ ಕೂಳೆ ಚುಚ್ಚಿ ಗಾಯವಾಗಿದೆ. ನೋವಿಲ್ಲ ಅನ್ನುತ್ತಾರೆ. ಫೋಟೊ ಕಳಿಸಿದರೆ ಸಾಕಲ್ಲವೇ?

ಸಾಲದು. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಫೋನಿನ ಮಿತಿ ಇಷ್ಟು ಸ್ಪಷ್ಟವಾಗಿ ಕಾಣುವ ಕಾಯಿಲೆ ಇನ್ನೊಂದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 62 ವರ್ಷದ ಹೆಂಗಸು, ಎಂಟು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ದಿನಕ್ಕೆ ಎರಡು. ಗದ್ದೆ ಬದುವಿನಲ್ಲಿ ಬರಿಗಾಲಲ್ಲಿ ಹೋಗುವಾಗ ಕೂಳೆ ಚುಚ್ಚಿತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದರು. ನಾಲ್ಕನೇ ದಿನ ಪಾದ ಊದಿದೆ, ಗಾಯದ ಬಾಯಿ ಒಂದು ರೂಪಾಯಿ ನಾಣ್ಯದಷ್ಟಿದೆ. ಮಗ ಆ್ಯಪ್‌ನಲ್ಲಿ ಫೋಟೊ ಹಾಕಿದ. ನಾಲ್ಕು ನಿಮಿಷದ ಕರೆಯಲ್ಲಿ ಐದು ದಿನದ ಆ್ಯಂಟಿಬಯೋಟಿಕ್, ಒಂದು ಮುಲಾಮು ಬರೆದರು. ಮನೆಯವರಿಗೆ ಸಮಾಧಾನವಾಯಿತು.

ಇಲ್ಲಿ ಮೊದಲು ಬೆಚ್ಚಿಬೀಳಬೇಕಾದ್ದು "ನೋವಿಲ್ಲ" ಎಂಬ ಮಾತಿಗೆ. ಅಷ್ಟು ಊದಿದ ಪಾದ ನೋಯುತ್ತಿಲ್ಲ ಎಂದರೆ ಶುಗರ್‌ನಿಂದ ನರ ಜೋಮು ಹಿಡಿದಿರಬಹುದು. ಅದನ್ನು ತಿಳಿಯಲು ಡಾಕ್ಟರು ತೆಳ್ಳನೆಯ ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತಿ "ಗೊತ್ತಾಗ್ತಿದೆಯಾ ಅಮ್ಮ?" ಎಂದು ಕೇಳಬೇಕು. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ನಾಡಿ ನೋಡಬೇಕು. ರಕ್ತ ಸರಿಯಾಗಿ ಹರಿಯದ ಪಾದಕ್ಕೆ ಮಾತ್ರೆಯೂ ತಲುಪುವುದಿಲ್ಲ. ಗಾಯ ಎಷ್ಟು ಆಳ, ಎಲುಬಿನವರೆಗೆ ಹೋಗಿದೆಯೇ ಎಂದು ಸಲಾಕೆ ಹಾಕಿ ನೋಡಬೇಕು. ಕೂಳೆಯ ಚೂರು ಒಳಗೇ ಉಳಿದಿರಬಹುದು. ಟೆಟನಸ್ ಇಂಜೆಕ್ಷನ್ ಬೇಕಾಗಬಹುದು. ಇದರಲ್ಲಿ ಯಾವುದೂ ಫೋನಿನಿಂದ ಆಗುವ ಕೆಲಸವಲ್ಲ. ಫೋಟೊ ಗಾಯದ ಬಾಯಿಯನ್ನಷ್ಟೇ ತೋರಿಸುತ್ತದೆ, ಹೊಟ್ಟೆಯನ್ನು ತೋರಿಸುವುದಿಲ್ಲ.

ಹಾಗಾದರೆ ಒಳ್ಳೆಯ ಡಾಕ್ಟರು ಆ ಕರೆಯಲ್ಲಿ ಏನು ಮಾಡುತ್ತಿದ್ದರು? ಜ್ವರ ಇದೆಯೇ, ಕೆಂಪು ಮೇಲೆ ಹತ್ತುತ್ತಿದೆಯೇ, ವಾಸನೆ ಬರುತ್ತಿದೆಯೇ, ಚರ್ಮ ಕಪ್ಪಾಗಿದೆಯೇ ಎಂದು ಕೇಳುತ್ತಿದ್ದರು. ಆಮೇಲೆ "ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದು ಹೇಳಿ ಅದನ್ನೇ ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಮಂಡ್ಯ ಕಡೆಯವರಿಗೆ ಮಿಮ್ಸ್ ಇದೆ, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಇದೆ, ಎರಡರಲ್ಲೂ ಸರ್ಜರಿ ವಿಭಾಗ ಇದೆ. ಫೀಸು ತೆಗೆದುಕೊಂಡು ಔಷಧಿ ಬರೆಯದೆ ಕಳಿಸಿದರಲ್ಲ ಎಂದು ಕೆಲವರು ಬೇಸರಪಡುತ್ತಾರೆ. ಆ ಫೀಸು ಸಾರ್ಥಕವಾಗಿದ್ದೇ ಅಲ್ಲಿ ಎಂದು ನಮ್ಮ ಖಚಿತ ಅಭಿಪ್ರಾಯ. ಐದು ದಿನ ಮಾತ್ರೆ ನುಂಗುತ್ತಾ ಕಾಯುವುದರಲ್ಲಿ ಬೆರಳು, ಕೆಲವೊಮ್ಮೆ ಪಾದವೇ ಹೋಗುತ್ತದೆ.

ಡ್ರೆಸ್ಸಿಂಗ್ ಶುರುವಾದ ಮೇಲೆ ಫೋನಿಗೆ ಮತ್ತೆ ಕೆಲಸ ಬರುತ್ತದೆ. ಕೈಯಿಂದ ಮುಟ್ಟಿ ನೋಡಿದ ಅದೇ ಡಾಕ್ಟರಿಗೆ ಎರಡು ದಿನಕ್ಕೊಮ್ಮೆ ಗಾಯದ ಫೋಟೊ ಕಳಿಸಬಹುದು. ಹಗಲು ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ, ಅದೇ ಕೋನದಿಂದ ತೆಗೆಯಿರಿ. ಅಳತೆ ಗೊತ್ತಾಗಲು ಗಾಯಕ್ಕೆ ತಗುಲದ ಹಾಗೆ ಪಕ್ಕದಲ್ಲಿ ಒಂದು ನಾಣ್ಯ ಇಡಿ. ಪಾದ ಪೂರ್ತಿ ಕಾಣುವ ಒಂದು ಫೋಟೊ, ಹತ್ತಿರದಿಂದ ಒಂದು.

ಶುಗರ್, ಬಿಪಿ ಮಾತ್ರೆಯನ್ನು ಆ್ಯಪ್‌ನಲ್ಲಿ ಹೊಸ ಡಾಕ್ಟರು ಬದಲಿಸಬಹುದೇ?

ಮಾರ್ಗಸೂಚಿ ಇಲ್ಲಿ ಒಂದು ಗೆರೆ ಎಳೆದಿದೆ. ಒಬ್ಬ ಡಾಕ್ಟರು ನಿಮ್ಮನ್ನು ಮುಖಾಮುಖಿ ನೋಡಿ ಆರು ತಿಂಗಳು ಆಗಿರಬಾರದು, ಕಾಯಿಲೆಯೂ ಅದೇ ಆಗಿರಬೇಕು. ಆಗ ಮಾತ್ರ ಅದು ಮುಂದುವರಿದ ತಪಾಸಣೆ. ಅಂಥ ತಪಾಸಣೆಯಲ್ಲಿ ಅದೇ ಡಾಕ್ಟರು ಮೊದಲಿನ ಮಾತ್ರೆಯನ್ನು ಮುಂದುವರಿಸಬಹುದು, ಅದಕ್ಕೆ ಇನ್ನೊಂದನ್ನು ಸೇರಿಸಲೂಬಹುದು. ಹೊಸಬರಿಗೆ ಆ ಸ್ವಾತಂತ್ರ್ಯ ಇಲ್ಲ. ಪ್ಯಾರಾಸಿಟಮಾಲ್, ಓಆರ್‌ಎಸ್ ಥರದ್ದನ್ನು ಯಾರು ಬೇಕಾದರೂ ಹೇಳಬಹುದು. ಮೊದಲ ಸಲದ ವಿಡಿಯೊ ಕರೆಯಲ್ಲಿ ಚರ್ಮದ ಮುಲಾಮಿನಂಥ ಕೆಲವನ್ನು ಬರೆಯಬಹುದು. ಮಾರ್ಫಿನ್‌ನಂಥ ಮಾದಕ ಔಷಧಿಗಳು, ಆಲ್‌ಪ್ರಜೊಲಾಮ್ ಎಂಬ ನಿದ್ದೆ ಮಾತ್ರೆ ಇವೆಲ್ಲ ಫೋನಿನಲ್ಲಿ ಬರೆಯಬಾರದ ಪಟ್ಟಿಗೆ ಸೇರುತ್ತವೆ. ಮೊದಲ ಕರೆಯಲ್ಲೇ ಅವನ್ನು ಬರೆದುಕೊಟ್ಟರೆ ಆ ಆ್ಯಪ್‌ಗೆ ಮತ್ತೆ ಹೋಗಬೇಡಿ.

ಇದರಿಂದ ಹಳ್ಳಿಮನೆಗೆ ಸಿಗುವ ದಾರಿ ಸರಳ. ಆರು ತಿಂಗಳಿಗೆ ಒಂದು ಸಲ ಹತ್ತಿರದ ಡಾಕ್ಟರ ಬಳಿಗೆ ಹೋಗಿ ಮುಖ ತೋರಿಸಿ. ನಡುವೆ ಅವರೊಂದಿಗೇ ಫೋನಿನಲ್ಲಿ ಮಾತಾಡಿ. ಪ್ರತಿ ಸಲ ಹೊಸಬರನ್ನು ಹುಡುಕುವುದಕ್ಕಿಂತ ಇದೇ ಮೇಲು.

ಕರೆಗೆ ಮುಂಚೆ ಏನೇನು ಇಟ್ಟುಕೊಂಡಿರಬೇಕು?

ಮಾತ್ರೆಯ ಹಾಳೆಗಳು ಎಲ್ಲವೂ, ಅಂದರೆ ನಾಟಿ ಔಷಧಿ, ಊರ ಅಂಗಡಿಯಲ್ಲಿ ತಂದ ಮೈಕೈ ನೋವಿನ ಮಾತ್ರೆ ಸೇರಿ. ಹೆಸರು ಹೇಳಲು ಬಾರದಿದ್ದರೆ ಹಾಳೆಯ ಹಿಂಬದಿಯನ್ನು ಕ್ಯಾಮೆರಾಗೆ ಹಿಡಿಯಿರಿ. ಹಳೆಯ ಚೀಟಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ವರದಿ, ಕಿಡ್ನಿಯ ಕ್ರಿಯಾಟಿನಿನ್ ವರದಿ ಇರಲಿ.

ಉಳಿದದ್ದು ಮನೆಯಲ್ಲೇ ತೆಗೆದ ಅಂಕಿಗಳು. ಫೋನಿನಲ್ಲಿರುವ ಡಾಕ್ಟರಿಗೆ ಇವೇ ಕಣ್ಣು, ಹಾಗಾಗಿ ಇವು ತಪ್ಪಾದರೆ ಔಷಧಿಯೂ ತಪ್ಪುತ್ತದೆ. ಶುಗರ್ ನೋಡುವಾಗ ನಮ್ಮ ಕಡೆ ಆಗುವ ತಪ್ಪೆಂದರೆ ಬೆಲ್ಲ ಮುರಿದ, ಬಾಳೆಹಣ್ಣು ಸುಲಿದ ಕೈಯನ್ನು ಹಾಗೇ ಚುಚ್ಚುವುದು. ಬೆರಳ ತುದಿಯಲ್ಲಿ ಅಂಟಿದ ಸಿಹಿ ರಕ್ತದ ಹನಿಗೆ ಸೇರಿ ಇಲ್ಲದ ಶುಗರನ್ನು ತೋರಿಸುತ್ತದೆ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದೇ ಇಟ್ಟಿದ್ದರೆ ತೇವಾಂಶಕ್ಕೆ ಅವು ಕೆಟ್ಟಿರುತ್ತವೆ. ಊಟದ ನಂತರದ ಶುಗರ್ ಎಂದರೆ ಮುದ್ದೆಯ ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ಗಂಟೆಗೆ. ಕೈ ತೊಳೆದ ಹೊತ್ತಿನಿಂದ ಲೆಕ್ಕ ಹಾಕಬೇಡಿ.

ಬಿಪಿಗೆ ಮುಂಚೆ ಅರ್ಧ ಗಂಟೆ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಸುಮ್ಮನೆ ಕೂರಬೇಕು. ಕೈಪಟ್ಟಿ ಬರಿತೋಳಿನ ಮೇಲೆ, ಎದೆಯ ಮಟ್ಟಕ್ಕೆ ಇರಬೇಕು. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ ಎರಡನ್ನೂ ದಿನಾಂಕ, ಹೊತ್ತಿನ ಸಮೇತ ಬರೆದಿಡಿ. ಒಂದೇ ದಿನದ ಅಂಕಿಗಿಂತ ಒಂದು ವಾರದ ಅಂಕಿ ಡಾಕ್ಟರಿಗೆ ಹೆಚ್ಚು ಹೇಳುತ್ತದೆ.

ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಿಲ್ಲ, ದುಡ್ಡು ಕೊಡುವ ಆ್ಯಪೂ ಬೇಡ. ಬೇರೆ ದಾರಿ?

ಕೇಂದ್ರ ಸರ್ಕಾರದ ಇ-ಸಂಜೀವಿನಿ ಉಚಿತ. esanjeevani.mohfw.gov.in ತಾಣದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಓಟಿಪಿ ಹಾಕಿ, ರೋಗಿಯ ವಿವರ ತುಂಬಿದರೆ ಸರದಿ ಸಿಗುತ್ತದೆ. ಕರೆ ಮುಗಿದ ಮೇಲೆ ಚೀಟಿಯನ್ನು ಇಳಿಸಿಕೊಳ್ಳಬಹುದು.

ಹಳ್ಳಿಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಉಪಕೇಂದ್ರವೇ. ಈಗ ಅದರ ಫಲಕದ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದಿರುತ್ತದೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ತಾವೇ ನೋಡಿ, ಇ-ಸಂಜೀವಿನಿಯಲ್ಲಿ ಡಾಕ್ಟರಿಗೆ ತೋರಿಸುತ್ತಾರೆ. ತರಬೇತಿ ಪಡೆದ ಒಬ್ಬರು ರೋಗಿಯ ಪಕ್ಕದಲ್ಲೇ ಇರುವುದು ಯಾವ ಖಾಸಗಿ ಆ್ಯಪ್‌ನಲ್ಲೂ ಸುಲಭಕ್ಕೆ ಸಿಗದ ಅನುಕೂಲ. ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕೆಂದು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ.

ಚೀಟಿ ಬಂತು. ಅದು ಸರಿಯಾಗಿದೆಯೇ ಎಂದು ಹೇಗೆ ತಿಳಿಯುವುದು?

ಮೇಲ್ಭಾಗದಲ್ಲಿ ಡಾಕ್ಟರ ಹೆಸರು, ಓದು, ನೋಂದಣಿ ಸಂಖ್ಯೆ, ದಿನಾಂಕ ಇರಬೇಕು. ಕೆಳಗೆ ಸಹಿ. ನಡುವೆ ರೋಗಿಯ ಹೆಸರು, ವಯಸ್ಸು, ಏನು ತೊಂದರೆ, ಯಾವ ಕಾಯಿಲೆ ಎಂದು ಡಾಕ್ಟರು ಭಾವಿಸಿದ್ದಾರೆ ಎಂಬುದು ಇರಬೇಕು. ಪ್ರತಿ ಔಷಧಿಗೂ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂದು ಬರೆದಿರಬೇಕು. ಕಾಯಿಲೆಯ ಹೆಸರಿಲ್ಲದೆ ಬರೀ ಮಾತ್ರೆಗಳ ಸಾಲು ಇದ್ದರೆ ಕರೆ ಮಾಡಿ ಕೇಳಿ. ಔಷಧಿಯ ಮೂಲ ಹೆಸರು ಇದ್ದರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆ್ಯಪ್‌ನಲ್ಲೇ ಕೊಳ್ಳಬೇಕೆಂಬ ಕಟ್ಟುಪಾಡು ಯಾವುದೂ ಇಲ್ಲ.

ಯಾವಾಗ ಆ್ಯಪ್ ತೆರೆಯಲೇಬಾರದು?

ಎದೆನೋವು, ಏದುಸಿರು, ಮುಖ ಸೊಟ್ಟಗಾಗುವುದು, ಒಂದು ಕೈ ಬಲ ಕಳೆದುಕೊಳ್ಳುವುದು, ಹಾವು ಕಡಿತ, ಕೀಟನಾಶಕ ಒಳಗೆ ಹೋಗಿರುವುದು, ಎಚ್ಚರ ತಪ್ಪುವುದು, ಬಸುರಿಗೆ ರಕ್ತ ಹೋಗುವುದು. ನೇರ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿಗೆ ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಗಡುವು ನಾಲ್ಕೂವರೆ ಗಂಟೆ, ಅದರಲ್ಲೇ ಸ್ಕ್ಯಾನ್ ಆಗಬೇಕು, ದಾರಿಯೂ ಸವೆಯಬೇಕು. ಕೀಟನಾಶಕವಾದರೆ ಅದರ ಡಬ್ಬಿಯನ್ನು ಜೊತೆಗೆ ಒಯ್ಯಿರಿ.

ಬುಕಿಂಗ್ ಹೆಸರಿನಲ್ಲಿ ಮೋಸ ನಡೆಯುತ್ತದಂತೆ, ನಿಜವೇ?

ನಿಜ. ಆಸ್ಪತ್ರೆಯ ಫೋನ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿದಾಗ ಮೋಸಗಾರರ ಸಂಖ್ಯೆ ಸಿಗುತ್ತದೆ. ಅವರು ವಾಟ್ಸ್‌ಆ್ಯಪ್‌ಗೆ .apk ಎಂದು ಕೊನೆಯಾಗುವ ಒಂದು ಫೈಲ್ ಕಳಿಸಿ "ಇದನ್ನು ಹಾಕಿಕೊಂಡು ಐದು ರೂಪಾಯಿ ಕಟ್ಟಿ, ಟೋಕನ್ ಬರುತ್ತೆ" ಅನ್ನುತ್ತಾರೆ. ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್‌ಗಳು, ಅವುಗಳೊಂದಿಗೆ ಬ್ಯಾಂಕಿನ ಓಟಿಪಿಗಳು ಅವರ ಕೈಗೆ ಹೋಗುತ್ತವೆ. ಆ್ಯಪನ್ನು ಪ್ಲೇ ಸ್ಟೋರ್‌ನಿಂದಲೇ ಇಳಿಸಿ. ವಿಡಿಯೊ ಕರೆಗೆ ಕ್ಯಾಮೆರಾ, ಮೈಕ್ ಬೇಕು, ವರದಿ ಕಳಿಸಲು ಫೋಟೊ ಬೇಕು. ಎಸ್‌ಎಂಎಸ್, ಸಂಪರ್ಕ ಪಟ್ಟಿ ಕೇಳಿದರೆ ಬೇಡ ಎನ್ನಿ. ಹಣ ವಾಪಸ್ ಬರಲು ಯುಪಿಐ ಪಿನ್ ಹಾಕಬೇಕಾಗಿಲ್ಲ, ಹಾಕಿ ಎಂದವರು ಮೋಸಗಾರರು. ಹಣ ಹೋದದ್ದು ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯಲು ಆಗ ಅವಕಾಶ ಇರುತ್ತದೆ.

ಡಾಕ್ಟರ ಮೇಲೆಯೇ ದೂರು ಇದ್ದರೆ?

ಚಿಕಿತ್ಸೆಯ ತಪ್ಪಾದರೆ ಅವರು ನೋಂದಣಿಯಾದ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಬರೆಯಬೇಕು, ಕರ್ನಾಟಕದವರಾದರೆ ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಹಣ ತೆಗೆದುಕೊಂಡು ಕರೆಗೆ ಬರಲಿಲ್ಲ, ರಸೀದಿ ಕೊಡಲಿಲ್ಲ ಎಂಬಂಥವಕ್ಕೆ ಮೊದಲು ಆ್ಯಪ್‌ನ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎರಡಕ್ಕೂ ಚೀಟಿ, ರಸೀದಿ, ಕರೆಯ ದಿನಾಂಕ ಮತ್ತು ಹೊತ್ತು ಬೇಕು. ಆ್ಯಪ್ ತೆಗೆದುಹಾಕಿದರೆ ಇವೂ ಕೈಗೆ ಸಿಗದೆ ಹೋಗಬಹುದು, ಆದ್ದರಿಂದ ಪ್ರತಿ ಕರೆ ಮುಗಿದ ದಿನವೇ ಚೀಟಿಯನ್ನು ಪ್ರಿಂಟ್ ಹಾಕಿಸಿ ಅವ್ವನ ಹಳೆಯ ವರದಿಗಳ ಫೈಲಿಗೆ ಸೇರಿಸಿ.